ಪ್ರೊಸೆಸ್ಡ್ ಚೀಸ್ ನಿಜವಾದ ಚೀಸಾ? ಅದರಲ್ಲಿ ಇನ್ನೇನು ಸೇರಿಸಿರುತ್ತಾರೆ?

ವೀಣಾ

ಎಲ್ಲರಿಗೂ ನಮಸ್ಕಾರ. ಒಂದು ಸರಳ ಪ್ರಶ್ನೆ, ಆದರೆ ನನಗೆ ಉತ್ತರ ಸಿಗುತ್ತಿಲ್ಲ. ಮನೆಯಲ್ಲಿ ಎರಡು ಪ್ಯಾಕೆಟ್ ಚೀಸ್ ಸ್ಲೈಸ್ ಇವೆ. ನೋಡಲು ಎರಡೂ ಒಂದೇ. ಹಳದಿ ಬಣ್ಣ, ಚೌಕಾಕಾರ, ಒಂದೊಂದಕ್ಕೂ ತೆಳ್ಳನೆಯ ಪ್ಲಾಸ್ಟಿಕ್ ಹೊದಿಕೆ. ನಿನ್ನೆ ಮಗಳು ಎರಡನ್ನೂ ತಿಂದು, "ಅಮ್ಮ, ಇದು ಚೀಸ್, ಅದು ಚೀಸ್ ಅಲ್ಲ" ಅಂದಳು. ಹಾಗಾಗಿ ಹಿಂದಿನ ಸಣ್ಣ ಅಕ್ಷರ ಓದಲು ಕುಳಿತೆ.

ಮೊದಲನೆಯದರಲ್ಲಿ ಹೀಗಿದೆ: ಚೀಸ್ 62%, ನೀರು, ಹಾಲಿನ ಘನಾಂಶ, ಎಮಲ್ಸಿಫೈಯರ್ 331 ಮತ್ತು 339, ಉಪ್ಪು, ಪ್ರಿಸರ್ವೇಟಿವ್ 200, ಬಣ್ಣ.

ಎರಡನೆಯದು: ನೀರು, ತಾಳೆ ಎಣ್ಣೆ, ಪಿಷ್ಟ, ಹಾಲಿನ ಪ್ರೋಟೀನ್, ಚೀಸ್ 10%, ಆಮೇಲೆ ಒಂದಷ್ಟು ನಂಬರುಗಳು.

ನನ್ನ ಪ್ರಶ್ನೆ ಇಷ್ಟೇ. ಮೊದಲನೆಯದನ್ನು ನಿಜವಾದ ಚೀಸ್ ಅನ್ನಬಹುದಾ? 62 ಚೀಸ್ ಆದರೆ ಉಳಿದ 38 ಏನು? ಈ 331, 339 ಯಾಕೆ ಬೇಕು?

ಮಂಜುನಾಥ

ವೀಣಾ ಅವರೇ, ಎರಡೂ ಚೀಸ್ ಅಲ್ಲ. ಪ್ರೊಸೆಸ್ಡ್ ಚೀಸ್ ಅಂದರೆ ರಾಸಾಯನಿಕ ಹಾಕಿ ಮಾಡಿದ ಮುದ್ದೆ. ಒಂದು ಸ್ಲೈಸ್ ತಗೊಂಡು ಲೈಟರ್ ಹಿಡಿದು ನೋಡಿ. ಕರಗಿ ತೊಟ್ಟಿಕ್ಕುವುದಿಲ್ಲ, ಕಪ್ಪಗಾಗಿ ಗುಳ್ಳೆ ಏಳುತ್ತದೆ, ಪ್ಲಾಸ್ಟಿಕ್ ಸುಟ್ಟ ಹಾಗೆ ವಾಸನೆ ಬರುತ್ತದೆ. ನಾನೇ ಮಾಡಿ ನೋಡಿದ್ದೇನೆ. ಪ್ಲಾಸ್ಟಿಕ್‌ಗೂ ಅದಕ್ಕೂ ಒಂದೇ ಒಂದು ಅಣುವಿನ ವ್ಯತ್ಯಾಸ ಅಂತ ಓದಿದ್ದೇನೆ.

ಹಾಲು, ಹೆಪ್ಪು, ಹಾಲನ್ನು ಗಟ್ಟಿ ಮಾಡುವ ರೆನೆಟ್, ಉಪ್ಪು. ಈ ನಾಲ್ಕು ಬಿಟ್ಟು ಐದನೆಯದು ಸೇರಿದರೆ ಅದನ್ನು ಚೀಸ್ ಅನ್ನಬಾರದು.

ರಮ್ಯಾ

ಪ್ರೊಸೆಸ್ಡ್ ಅಂದರೆ ಪಾಶ್ಚರೀಕರಿಸಿದ ಹಾಲಿನಿಂದ ಮಾಡಿದ್ದು ಅಂತ ಅಲ್ವಾ? ಹಸಿ ಹಾಲಿನ ಚೀಸ್ ಒಂದು, ಪಾಶ್ಚರೀಕರಿಸಿದ ಹಾಲಿನದು ಇನ್ನೊಂದು. ಗರ್ಭಿಣಿಯಾಗಿದ್ದಾಗ ನನಗೆ ಡಾಕ್ಟರು ಹಸಿ ಹಾಲಿನ ಚೀಸ್ ಬೇಡ ಅಂದಿದ್ದರು. ಹಾಗಾದರೆ ಪ್ರೊಸೆಸ್ಡ್ ಇರುವುದೇ ಒಳ್ಳೆಯದು ಅಲ್ವಾ?

ಗೋಪಾಲ್ (ಡೈರಿ)

ರಮ್ಯಾ ಅವರೇ, ಅದು ಬೇರೆ ವಿಷಯ. ಪಾಶ್ಚರೀಕರಿಸಿದ ಹಾಲಿನಿಂದ ಮಾಡಿದ ಚೆಡ್ಡಾರ್ ಕೂಡ ಸಹಜ ಚೀಸೇ. ಅಲ್ಲಿ ಕಾಯಿಸುವುದು ಹಾಲನ್ನು. ಪ್ರೊಸೆಸ್ಡ್ ಚೀಸ್‌ನಲ್ಲಿ ಕಾಯಿಸುವುದು ಆಗಲೇ ಆಗಿರುವ ಚೀಸನ್ನು. ಆಗಿರುವ ಚೀಸನ್ನು ತುರಿದು, ಮತ್ತೆ ಬಿಸಿ ಮಾಡಿ, ಕಲಸಿ, ಹೊಸ ರೂಪಕ್ಕೆ ತರುತ್ತಾರೆ. ನಾನು ಹತ್ತೊಂಬತ್ತು ವರ್ಷ ಡೈರಿಯಲ್ಲಿ ಚೀಸ್ ಕಾಯಿಸುವ ಕುಕ್ಕರ್ ಪಕ್ಕದಲ್ಲೇ ನಿಂತವನು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಚೀಸ್ ಒಳಗೆ ಏನಿದೆ ನೋಡೋಣ. ಕೇಸಿನ್ ಅನ್ನುವ ಹಾಲಿನ ಪ್ರೋಟೀನ್ ಒಂದು ಬಲೆಯ ಹಾಗೆ ಹರಡಿರುತ್ತದೆ. ಬಲೆಯ ಕಣ್ಣುಗಳಲ್ಲಿ ಕೊಬ್ಬು ಮತ್ತು ನೀರು ಸಿಕ್ಕಿಕೊಂಡಿರುತ್ತವೆ. ಬಲೆಯ ಎಳೆಗಳನ್ನು ಒಂದಕ್ಕೊಂದು ಹೊಲಿದಿರುವುದು ಕ್ಯಾಲ್ಸಿಯಂ. ಹಳೆಯ ಚೆಡ್ಡಾರ್ ತುಂಡನ್ನು ಸುಮ್ನೆ ಬಾಣಲೆಗೆ ಹಾಕಿ ಕಾಯಿಸಿ. ಬಲೆ ಬಿಗಿದುಕೊಳ್ಳುತ್ತದೆ, ಕೊಬ್ಬು ಹೊರಗೆ ಬರುತ್ತದೆ. ಕೊನೆಗೆ ಎಣ್ಣೆಯಲ್ಲಿ ತೇಲುವ ರಬ್ಬರ್ ಮುದ್ದೆ ಉಳಿಯುತ್ತದೆ.

ಈಗ 331 ನೋಡಿ. ಅದು ಸೋಡಿಯಂ ಸಿಟ್ರೇಟ್, ಅಂದರೆ ನಿಂಬೆ ಹುಳಿಯ ಸೋಡಿಯಂ ಲವಣ. 339 ಸೋಡಿಯಂ ಫಾಸ್ಫೇಟ್. ಇವೆರಡೂ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತವೆ. ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಬಿಡುಗಡೆಯಾದ ಕೇಸಿನ್ ನೀರಿನಲ್ಲಿ ಹರಡಿ, ಕೊಬ್ಬಿನ ಒಂದೊಂದು ಹನಿಯನ್ನೂ ಸುತ್ತಿಕೊಳ್ಳುತ್ತದೆ. ಆಮೇಲೆ ಎಣ್ಣೆ ಬೇರೆಯಾಗುವುದಿಲ್ಲ. ಪ್ಯಾಕೆಟ್ ಮೇಲೆ ಎಮಲ್ಸಿಫೈಯರ್ ಅಂತ ಬರೆದಿದ್ದರೂ ಆ ಲವಣಗಳು ತಾವೇ ಕೊಬ್ಬು ನೀರು ಬೆರೆಸುವುದಿಲ್ಲ. ಬೆರೆಸುವ ಕೆಲಸ ಕೇಸಿನ್‌ನದು. ಲವಣ ಅದರ ಕೈಕಟ್ಟು ಬಿಚ್ಚುತ್ತದೆ, ಅಷ್ಟೇ.

ಇದನ್ನು ಮೊದಲು ಮಾಡಿದ್ದು ಸ್ವಿಟ್ಜರ್ಲೆಂಡಿನ ಥೂನ್ ಊರಿನಲ್ಲಿ, ವಾಲ್ಟರ್ ಗರ್ಬರ್ ಮತ್ತು ಫ್ರಿಟ್ಜ್ ಸ್ಟೆಟ್ಲರ್, 1911ರಲ್ಲಿ. ಎಮೆಂಟಾಲ್ ಚೀಸಿಗೆ ಸಿಟ್ರೇಟ್ ಹಾಕಿ ಕಾಯಿಸಿದರು. ದೂರದ ಬಿಸಿ ಊರುಗಳಿಗೆ ಕಳಿಸಿದರೂ ಚೀಸ್ ಕೆಡಬಾರದು ಅನ್ನುವುದು ಅವರ ಉದ್ದೇಶವಾಗಿತ್ತು. ಅಮೆರಿಕದಲ್ಲಿ ಜೇಮ್ಸ್ ಕ್ರಾಫ್ಟ್ 1916ರಲ್ಲಿ ಚೀಸ್ ಕಾಯಿಸಿ ಕಲಸುವ ತಮ್ಮ ವಿಧಾನಕ್ಕೆ ಪೇಟೆಂಟ್ ಪಡೆದರು.

ಮಂಜುನಾಥ್ ಸರ್, ಲೈಟರ್ ವಿಷಯ. ಕೊಬ್ಬು ಬೇರೆಯಾಗದ ಹಾಗೆ ಕಟ್ಟಿಟ್ಟಿದ್ದಾರಲ್ಲ, ಅದಕ್ಕೇ ತೊಟ್ಟಿಕ್ಕುವುದಿಲ್ಲ. ನೇರ ಬೆಂಕಿ ತಾಗಿದ ಕಡೆ ಮೇಲಿನ ನೀರು ಆರಿ, ಪ್ರೋಟೀನ್ ಕರಕಲಾಗುತ್ತದೆ. ಕೂದಲು ಸುಟ್ಟರೂ ಹೆಚ್ಚುಕಡಿಮೆ ಅದೇ ವಾಸನೆ, ಅದೂ ಪ್ರೋಟೀನೇ. ಅದರ ಜೊತೆ ಲೈಟರಿನ ಮಸಿ ಸೇರಿ ಕಪ್ಪು. ಅದೇ ಸ್ಲೈಸನ್ನು ಮುಚ್ಚಿದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಇಡಿ, ಚೆನ್ನಾಗಿ ಕರಗುತ್ತದೆ. ಒಂದು ಅಣುವಿನ ವ್ಯತ್ಯಾಸ ಅನ್ನುವುದು ನಿಜವಲ್ಲ. ಕೇಸಿನ್‌ಗೂ ಪಾಲಿಥೀನ್‌ಗೂ ರಚನೆಯಲ್ಲಿ ಯಾವ ಹೋಲಿಕೆಯೂ ಇಲ್ಲ.

ಮಂಜುನಾಥ

ಲೈಟರ್ ವಿಷಯ ಒಪ್ಪಿದೆ, ಮುಚ್ಚಿ ಇಟ್ಟು ನೋಡುತ್ತೇನೆ. ಆದರೆ ಐದನೆಯ ವಸ್ತು ಸೇರಿಸಿದ್ದು ಹೌದಲ್ವಾ? ಅದನ್ನು ನೀವೂ ಅಲ್ಲಗಳೆದಿಲ್ಲ.

ಶ್ವೇತಾ

ಗೋಪಾಲ್ ಸರ್ ಹೇಳಿದ ರಬ್ಬರ್ ಮುದ್ದೆ ನನಗೆ ಚೆನ್ನಾಗಿ ಗೊತ್ತು. ಕಳೆದ ವಾರ ಚೆಡ್ಡಾರನ್ನು ಬಿಸಿ ಹಾಲಿಗೆ ಹಾಕಿ ಸಾಸ್ ಮಾಡಲು ಹೋದೆ. ಮೇಲೆ ಹಳದಿ ಎಣ್ಣೆ, ಕೆಳಗೆ ಮರಳು ಮರಳಾದ ಉಂಡೆ. ಪೂರ್ತಿ ಚೆಲ್ಲಬೇಕಾಯಿತು, ತುಂಬಾ ಬೇಜಾರಾಯಿತು. ಪ್ರೊಸೆಸ್ಡ್ ಚೀಸ್ ಮನೆಯಲ್ಲೇ ಮಾಡಲು ಆಗುತ್ತದಾ? ಆಗ ಏನು ಸೇರಿಸಿದ್ದೇವೆ ಅಂತ ನಮಗೇ ಗೊತ್ತಿರುತ್ತದೆ.

ಗೋಪಾಲ್ (ಡೈರಿ)

ಖಂಡಿತ ಆಗುತ್ತದೆ. ವೀಣಾ ಅವರ 38ರ ಲೆಕ್ಕಕ್ಕೂ ಅದರಲ್ಲೇ ಉತ್ತರ ಸಿಗುತ್ತದೆ.

100 ಗ್ರಾಂ ಚೆಡ್ಡಾರ್ ತಗೊಳ್ಳಿ. ಅದರಲ್ಲಿ ಆಗಲೇ ಸುಮಾರು 37 ಗ್ರಾಂ ನೀರಿದೆ. ಕತ್ತರಿಸಬಹುದಾದ ಸ್ಲೈಸ್ ಆಗಬೇಕಾದರೆ ಒಟ್ಟು ತೂಕದಲ್ಲಿ ನೀರು ಸುಮಾರು 45% ಇರಬೇಕು. ಅದಕ್ಕೆ 25 ಮಿಲಿ ನೀರು ಹಾಕಿ. ಕಾಯಿಸುವಾಗ ಏಳೆಂಟು ಗ್ರಾಂ ಆವಿಯಾಗಿ ಹೋಗುತ್ತದೆ. ಸೋಡಿಯಂ ಸಿಟ್ರೇಟ್ ಎರಡೂವರೆ ಮೂರು ಗ್ರಾಂ ಸಾಕು. ಎಲ್ಲ ಕೂಡಿಸಿದರೆ ಕೊನೆಗೆ ಸುಮಾರು 120 ಗ್ರಾಂ ಸಿಗುತ್ತದೆ. ಅದರಲ್ಲಿ ಹಾಕಿದ ಚೀಸ್ 100. ಅಂದರೆ ನೂರಕ್ಕೆ 83.

ವೀಣಾ ಅವರೇ, ಇದನ್ನು ನಿಮ್ಮ ಮೊದಲ ಪ್ಯಾಕೆಟ್ ಪಕ್ಕದಲ್ಲಿಟ್ಟು ನೋಡಿ. ಬರೀ ಚೀಸ್, ನೀರು, ಲವಣದಿಂದ ಮಾಡಿದ್ದರೆ 80ರ ಆಸುಪಾಸು ಇರುತ್ತಿತ್ತು. ನಿಮ್ಮದರಲ್ಲಿ 62 ಇದೆ. ನಡುವಿನ ಇಪ್ಪತ್ತು ಭಾಗ ಹಾಲಿನ ಪುಡಿ, ಹಾಲೊಡಕಿನ ಪುಡಿ, ಬೆಣ್ಣೆ ಇಂಥವು, ಮತ್ತು ಅವನ್ನು ಕಲಸಲು ಬೇಕಾದ ಇನ್ನಷ್ಟು ನೀರು. ಇವೆಲ್ಲ ಹಾಲಿನಿಂದಲೇ ಬಂದವು. ಆದರೆ ಹಣ್ಣಾದ ಚೀಸ್ ಅಲ್ಲ, ಅದರಷ್ಟು ರುಚಿಯೂ ಇಲ್ಲ. ಅದಕ್ಕೇ ಅಗ್ಗ.

ಎರಡನೆಯ ಪ್ಯಾಕೆಟ್ ನನ್ನ ಪ್ರಕಾರ ಪ್ರೊಸೆಸ್ಡ್ ಚೀಸ್ ಅಲ್ಲವೇ ಅಲ್ಲ. ಹಾಲಿನ ಕೊಬ್ಬಿನ ಜಾಗದಲ್ಲಿ ತಾಳೆ ಎಣ್ಣೆ, ಕೇಸಿನ್ ಬಲೆಯ ಜಾಗದಲ್ಲಿ ಪಿಷ್ಟ. ಹತ್ತು ಭಾಗ ಚೀಸ್ ರುಚಿಗೆ. ನಾವು ಇದನ್ನು ಅನಲಾಗ್ ಅನ್ನುತ್ತೇವೆ. ನಿಮ್ಮ ಮಗಳ ನಾಲಗೆ ಸರಿಯಾಗಿಯೇ ಹೇಳಿದೆ.

ಶ್ವೇತಾ ಅವರೇ, ವಿಧಾನ ಹೀಗೆ. ನೀರಿಗೆ ಲವಣ ಹಾಕಿ ಪೂರ್ತಿ ಕರಗಿಸಿ. ಸಣ್ಣ ಉರಿ. ತುರಿದ ಚೀಸನ್ನು ಒಂದೊಂದೇ ಹಿಡಿ ಹಾಕುತ್ತಾ ಕಲಕಿ. ಮೊದಲ ಎರಡು ನಿಮಿಷ ಕೆಟ್ಟುಹೋಯಿತು ಅನಿಸುತ್ತದೆ, ಮೇಲೆ ಎಣ್ಣೆಯೂ ಕಾಣುತ್ತದೆ. ನಿಲ್ಲಿಸಬೇಡಿ. ಅಂಚಿನಲ್ಲಿ ಗುಳ್ಳೆ ಬರುವಷ್ಟು ಬಿಸಿ, ಅಂದರೆ 75ರಿಂದ 80 ಡಿಗ್ರಿ ಇದ್ದರೆ, ನಾಲ್ಕೈದು ನಿಮಿಷದಲ್ಲಿ ಕೂಡಿಕೊಳ್ಳುತ್ತದೆ. ಎಣ್ಣೆ ಸವರಿದ ತಟ್ಟೆಗೆ ತೆಳ್ಳಗೆ ಸುರಿದು ಎರಡು ಗಂಟೆ ಫ್ರಿಜ್‌ನಲ್ಲಿಡಿ. ಸಾಸ್ ಬೇಕಾದರೆ ನೀರನ್ನು 80 ಮಿಲಿಗೆ ಏರಿಸಿ.

ಕಾರ್ಖಾನೆಯಲ್ಲೂ ಇದೇ. ದೊಡ್ಡ ಪಾತ್ರೆ, ಒಳಗೆ ತಿರುಗುವ ಸುರುಳಿ, ನೇರವಾಗಿ ಹಬೆ ಬಿಡುತ್ತಾರೆ. ಹಬೆಯೂ ನೀರಾಗುತ್ತದಲ್ಲ, ಅದನ್ನು ಲೆಕ್ಕ ಹಿಡಿದು ಹಾಕುವ ನೀರನ್ನು ಮೊದಲೇ ಕಡಿಮೆ ಮಾಡುತ್ತೇವೆ. ಹೊಸಬರು ಇದನ್ನು ಮರೆತರೆ ಆ ಸಲದ್ದು ಸ್ಲೈಸ್ ಆಗದೆ ಅಂಟಾಗುತ್ತದೆ.

ಅರುಣ್

ನನ್ನ ಅನುಭವ ಹೇಳುತ್ತೇನೆ. ಹಾಲು ಕುಡಿದರೆ ನನಗೆ ಹೊಟ್ಟೆ ಉಬ್ಬುತ್ತದೆ, ಲ್ಯಾಕ್ಟೋಸ್ ಆಗುವುದಿಲ್ಲ. ಹಳೆಯ ಚೆಡ್ಡಾರ್ ತಿಂದರೆ ಏನೂ ಆಗುವುದಿಲ್ಲ. ಆದರೆ ಸ್ಲೈಸ್ ಮೂರು ತಿಂದರೆ ಸಂಜೆಗೆ ಹೊಟ್ಟೆ ಗುಡುಗುಡು. ಚೀಸ್‌ನಲ್ಲಿ ಲ್ಯಾಕ್ಟೋಸ್ ಇಲ್ಲ ಅಂತ ಎಲ್ಲರೂ ಹೇಳುತ್ತಾರೆ. ಮನಸ್ಸಿನ ಭ್ರಮೆ ಅಂತ ನಾನು ಸುಮ್ಮನಾಗಿದ್ದೆ. ಈಗ ಹಾಲೊಡಕಿನ ಪುಡಿ ಅಂದಿರಲ್ಲ, ಅದೇ ಕಾರಣ ಇರಬಹುದಾ?

ಗೋಪಾಲ್ (ಡೈರಿ)

ಇರಬಹುದು ಅರುಣ್, ತುಂಬಾ ಸಾಧ್ಯತೆ ಇದೆ. ಚೀಸ್ ಮಾಡುವಾಗ ಹಾಲಿನ ಸಕ್ಕರೆ ಹೆಚ್ಚಾಗಿ ಹಾಲೊಡಕಿನ ಜೊತೆ ಹೊರಗೆ ಹೋಗುತ್ತದೆ. ಉಳಿದದ್ದನ್ನು ಹೆಪ್ಪಿನ ಬ್ಯಾಕ್ಟೀರಿಯಾ ತಿನ್ನುತ್ತವೆ. ಹಳೆಯ ಚೆಡ್ಡಾರ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಲೊಡಕಿನ ಪುಡಿಯಲ್ಲಿ ಹೆಚ್ಚಿನ ಪಾಲು ಲ್ಯಾಕ್ಟೋಸೇ. ಅದನ್ನು ಸ್ಲೈಸಿಗೆ ಸೇರಿಸಿದರೆ ಹೊರಗೆ ಹೋದ ಸಕ್ಕರೆ ಮತ್ತೆ ಒಳಗೆ ಬಂದ ಹಾಗಾಯಿತು. ಪ್ಯಾಕೆಟ್ ಮೇಲೆ ಪೋಷಕಾಂಶದ ಪಟ್ಟಿಯಲ್ಲಿ ಸಕ್ಕರೆ ಎಷ್ಟಿದೆ ನೋಡಿ. ಸಿಹಿ ಹಾಕದ ಚೀಸ್‌ನಲ್ಲಿ ಆ ಸಂಖ್ಯೆ ಬಂದಿದ್ದರೆ ಅದು ಲ್ಯಾಕ್ಟೋಸ್ ಅಂತಲೇ ತಿಳಿಯಿರಿ.

ಪ್ರಶಾಂತ

ಪಿಷ್ಟದ ಮಾತು ಬಂದಿದ್ದರಿಂದ ನನ್ನ ಕಥೆ. ಟಿಂಕ್ಚರ್ ಅಯೋಡಿನ್ ಒಂದು ಹನಿ ಹಾಕಿದರೆ ಪಿಷ್ಟ ಇದ್ದ ಕಡೆ ಕಡುನೀಲಿ ಆಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದು. ತುರಿದ ಮೊಝರೆಲ್ಲಾ ಪ್ಯಾಕೆಟ್ ತಂದು ಹಾಕಿದೆ. ಕಪ್ಪುನೀಲಿ! ಶುದ್ಧ ಚೀಸ್ ಅಂತ ಬರೆದಿದ್ದರು. ಅಂಗಡಿಯವರ ಜೊತೆ ಜಗಳವಾಡಿ ಹಣ ವಾಪಸ್ ತಗೊಂಡೆ. ಸಹಜ ಚೀಸ್ ಅಂತ ಮಾರುವವರೂ ಮೋಸ ಮಾಡುತ್ತಾರೆ.

ಗೋಪಾಲ್ (ಡೈರಿ)

ಪ್ರಶಾಂತ್, ಪ್ಯಾಕೆಟ್ ಇನ್ನೂ ಇದ್ದರೆ ಒಂದು ಕೆಲಸ ಮಾಡಿ. ಒಂದು ಹಿಡಿ ತುರಿಯನ್ನು ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಒಂದು ಎಳೆಯನ್ನು ಅಡ್ಡಕ್ಕೆ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಅಯೋಡಿನ್ ಮುಟ್ಟಿಸಿ.

ತುರಿದ ಚೀಸ್ ಒಂದಕ್ಕೊಂದು ಅಂಟದಿರಲು ಹೊರಗಿನಿಂದ ಆಲೂಗಡ್ಡೆ ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಉದುರಿಸುತ್ತಾರೆ. ನಿಮ್ಮ ಅಯೋಡಿನ್ ಹಿಡಿದಿರುವುದು ಅದನ್ನೇ ಇರಬಹುದು. ಒಳಮುಖವೂ ನೀಲಿಯಾದರೆ ನಿಮ್ಮ ಮಾತು ಸರಿ.

ಪ್ರಶಾಂತ

ಅರ್ಧ ಪ್ಯಾಕೆಟ್ ಉಳಿದಿತ್ತು. ತೊಳೆದು ನೋಡಿದೆ. ತೊಳೆದ ನೀರಿಗೆ ಹನಿ ಹಾಕಿದರೆ ನೀಲಿ. ಚೀಸ್ ಒಳಗೆ ಬರೀ ಹಳದಿ ಕಂದು ಕಲೆ. ನೀಲಿ ಇಲ್ಲ. ಪಟ್ಟಿಯ ಕೊನೆಯಲ್ಲಿ ಪಿಷ್ಟ ಅಂತ ಬರೆದೂ ಇತ್ತು, ನಾನು ಅಲ್ಲಿಯವರೆಗೆ ಓದಿರಲಿಲ್ಲ. ನಾಳೆ ಅಂಗಡಿಗೆ ಹೋಗಿ ಹಣ ಕೊಟ್ಟು ಬರುತ್ತೇನೆ.

ವೀಣಾ

ನಾನೂ ಈಗಲೇ ಮಾಡಿದೆ. ಮೊದಲ ಪ್ಯಾಕೆಟ್ ಸ್ಲೈಸ್: ಕಂದು ಕಲೆ ಮಾತ್ರ. ಎರಡನೆಯದು: ಹನಿ ಬಿದ್ದ ಕೂಡಲೇ ನೇರಳೆ, ಅರ್ಧ ನಿಮಿಷಕ್ಕೆ ಕಪ್ಪು. ಕತ್ತರಿಸಿದ ಅಂಚಿನಲ್ಲೂ ಹಾಗೇ. ಮಗಳು ಕಣ್ಣು ಬಿಟ್ಟುಕೊಂಡು ನೋಡಿದಳು.

ಒಂದು ಅನುಮಾನ. ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ ಅಂದಿರಿ. ಹಾಗಾದರೆ ಮಕ್ಕಳಿಗೆ ಕ್ಯಾಲ್ಸಿಯಂ ಸಿಗುವುದಿಲ್ಲವಾ? ನಾನು ಅದಕ್ಕೇ ಕೊಡುತ್ತಿದ್ದೆ.

ಗೋಪಾಲ್ (ಡೈರಿ)

ಕ್ಯಾಲ್ಸಿಯಂ ಎಲ್ಲಿಗೂ ಹೋಗುವುದಿಲ್ಲ ಮೇಡಂ. ಮೊದಲು ಕೇಸಿನ್ ಜೊತೆ ಇತ್ತು, ಈಗ ಸಿಟ್ರೇಟ್ ಜೊತೆ ಇದೆ. ಪಾತ್ರೆಯಿಂದ ಏನನ್ನೂ ಬಸಿದು ತೆಗೆಯುವುದಿಲ್ಲ. ಚೀಸ್ ಪಾಲು ಕಡಿಮೆಯಾದಷ್ಟು ಕ್ಯಾಲ್ಸಿಯಂ ಕಡಿಮೆಯಾಗಬಹುದು. ಎರಡನೆಯ ಪ್ಯಾಕೆಟ್‌ನಂಥದ್ದರಲ್ಲಿ ಹೊರಗಿನಿಂದ ಸೇರಿಸದಿದ್ದರೆ ಬಹಳ ಕಡಿಮೆ ಇರುತ್ತದೆ.

ನೀವು ಗಮನಿಸಬೇಕಾದ್ದು ಸೋಡಿಯಂ. ಚೆಡ್ಡಾರ್‌ನಲ್ಲಿ 100 ಗ್ರಾಂಗೆ ಸುಮಾರು 650 ಮಿಲಿಗ್ರಾಂ ಇರುತ್ತದೆ. ಪ್ರೊಸೆಸ್ಡ್ ಚೀಸ್‌ನಲ್ಲಿ ಸಾಮಾನ್ಯವಾಗಿ 1,000 ದಾಟುತ್ತದೆ. ಅಡುಗೆ ಉಪ್ಪು ಒಂದು ಕಡೆ, 331 ಮತ್ತು 339ರಲ್ಲಿರುವ ಸೋಡಿಯಂ ಇನ್ನೊಂದು ಕಡೆ. ಈ ಎರಡನೆಯದು ನಾಲಗೆಗೆ ಉಪ್ಪುಪ್ಪಾಗಿ ಅಷ್ಟು ಗೊತ್ತಾಗುವುದಿಲ್ಲ. 1,200 ಇರುವ ಚೀಸ್‌ನ 20 ಗ್ರಾಂ ಸ್ಲೈಸ್ ಒಂದರಲ್ಲಿ 240 ಮಿಲಿಗ್ರಾಂ ಆಯಿತು. ಎರಡು ಸ್ಲೈಸ್ ಇಟ್ಟರೆ ಲೆಕ್ಕ ಹಾಕಿ.

ನಾಗರತ್ನ

ನಾನು ಚೀಸ್ ತಿನ್ನುವವಳಲ್ಲ, ಆದರೆ 339 ಅಂತ ನೋಡಿ ಬರೆಯುತ್ತಿದ್ದೇನೆ. ನಮ್ಮ ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ರಕ್ತದಲ್ಲಿ ಫಾಸ್ಫರಸ್ ಏರುತ್ತಲೇ ಇತ್ತು. ಬೇಳೆ, ಹಾಲು ಎಲ್ಲ ಕಡಿಮೆ ಮಾಡಿದ್ದೆವು. ಮೊಮ್ಮಗ ತಿನ್ನುವಾಗ ಜೊತೆಗೆ ಇವರೂ ದಿನಾ ಎರಡು ಸ್ಲೈಸ್ ತಿನ್ನುತ್ತಿದ್ದರು. ಮೆತ್ತಗಿರುತ್ತದೆ, ಇಷ್ಟಪಡುತ್ತಾರೆ ಅಂತ ನಾನೇ ಕೊಡುತ್ತಿದ್ದೆ. ಆಹಾರ ತಜ್ಞೆ ಪ್ಯಾಕೆಟ್ ತರಿಸಿ ನೋಡಿ ನಿಲ್ಲಿಸಿ ಅಂದರು. ಚೀಸ್ ಬದಲಿಸಿ ಸಹಜ ಚೀಸ್ ಕೊಟ್ಟರೆ ಆಗುತ್ತದಾ ಅಂತ ಕೇಳಲು ಮರೆತೆ.

ಗೋಪಾಲ್ (ಡೈರಿ)

ನಾಗರತ್ನ ಅಮ್ಮ, ನಾನು ಚೀಸ್ ಮಾಡುವವನು, ವೈದ್ಯನಲ್ಲ. ಅತ್ತೆಯವರ ವಿಷಯ ಆ ಆಹಾರ ತಜ್ಞೆಯನ್ನೇ ಕೇಳಿ. ನನಗೆ ಗೊತ್ತಿರುವುದು ಇಷ್ಟು. ಸಹಜ ಚೀಸ್‌ನಲ್ಲೂ ಫಾಸ್ಫರಸ್ ಚೆನ್ನಾಗಿಯೇ ಇದೆ, ಹಾಲಿನಿಂದಲೇ ಬಂದದ್ದು. ಆದರೆ ಪ್ರೋಟೀನ್ ಜೊತೆ ಕೂಡಿರುವ ಫಾಸ್ಫರಸ್‌ಗಿಂತ ಹೊರಗಿನಿಂದ ಹಾಕಿದ ಫಾಸ್ಫೇಟ್ ಲವಣವನ್ನು ಕರುಳು ಹೆಚ್ಚು ಹೀರಿಕೊಳ್ಳುತ್ತದೆ. ಪಟ್ಟಿಯಲ್ಲಿ 339, 340, 450, 451, 452 ಕಂಡರೆ ಎಲ್ಲವೂ ಫಾಸ್ಫೇಟ್ ಬಳಗ. 331 ಮಾತ್ರ ಇದ್ದರೆ ಅದು ಸಿಟ್ರೇಟ್. ಆ ತಜ್ಞೆಯ ಹತ್ತಿರ ಹೋಗುವಾಗ ಈ ನಂಬರುಗಳನ್ನು ಬರೆದುಕೊಂಡು ಹೋಗಿ.

ರಮ್ಯಾ

ಸಿಟ್ರೇಟ್ ಒಂದರಲ್ಲೇ ಆಗುವುದಾದರೆ ಫಾಸ್ಫೇಟ್ ಯಾಕೆ ಹಾಕುತ್ತಾರೆ? ಅಗ್ಗ ಅಂತಲಾ?

ಗೋಪಾಲ್ (ಡೈರಿ)

ಬರೀ ಬೆಲೆಯ ಮಾತಲ್ಲ. ಸಿಟ್ರೇಟ್ ಹಾಕಿದರೆ ಚೆನ್ನಾಗಿ ಕರಗುವ ಸ್ಲೈಸ್ ಬರುತ್ತದೆ. ಕೆಲವು ಫಾಸ್ಫೇಟ್ ಹಾಕಿ ಹೆಚ್ಚು ಹೊತ್ತು ಕಲಸಿದರೆ ಮುದ್ದೆ ದಪ್ಪಗಾಗುತ್ತಾ ಹೋಗುತ್ತದೆ. ಬ್ರೆಡ್ ಮೇಲೆ ಸವರುವ ಚೀಸ್‌ಗೆ ಅದು ಬೇಕು. ಕರಿದರೂ ಆಕಾರ ಬಿಡದ ತುಂಡು ಬೇಕಾದರೂ ಹೀಗೆಯೇ ಮಾಡುತ್ತಾರೆ. ಕಲಸುವುದು ಅತಿಯಾದರೆ ತಣ್ಣಗಾದ ಮೇಲೆ ಗಟ್ಟಿ ಗಟ್ಟಿ, ಕರಗುವುದೇ ಇಲ್ಲ. ಅದಕ್ಕೆ ಎರಡನ್ನೂ ಬೆರೆಸಿ ಹದ ಹಿಡಿಯುತ್ತಾರೆ. ಕರಗಲಿಲ್ಲ ಅಂದ ಮಾತ್ರಕ್ಕೆ ನಕಲಿ ಅಲ್ಲ, ಕರಗಿತು ಅಂದ ಮಾತ್ರಕ್ಕೆ ಅಸಲಿಯೂ ಅಲ್ಲ.

ವೀಣಾ ಅವರ ಪಟ್ಟಿಯಲ್ಲಿ ಉಳಿದದ್ದು ಬೇಗ ಮುಗಿಸುತ್ತೇನೆ. 200 ಅಂದರೆ ಸಾರ್ಬಿಕ್ ಆಮ್ಲ, ಬೂಷ್ಟು ಬರದಿರಲು. ಬಣ್ಣ ಹೆಚ್ಚಾಗಿ ಅನಾಟೊ ಅನ್ನುವ ಬೀಜದ್ದು ಅಥವಾ ಕ್ಯಾರೊಟೀನ್. ಅನಾಟೊ ಸಹಜ ಚೆಡ್ಡಾರ್‌ಗೂ ಹಾಕುತ್ತಾರೆ.

ಮಂಜುನಾಥ

ಎಲ್ಲ ಓದಿದೆ. ಮುಚ್ಚಿದ ಬಾಣಲೆಯಲ್ಲಿ ಸ್ಲೈಸ್ ಕರಗಿತು, ಅದನ್ನು ಒಪ್ಪುತ್ತೇನೆ. ಆದರೂ ನನ್ನ ಮೂಲ ಮಾತು ಹಾಗೇ ಇದೆ. ನೂರಕ್ಕೆ 62 ಚೀಸ್ ಇರುವುದನ್ನು ಚೀಸ್ ಅಂತ ದೊಡ್ಡ ಅಕ್ಷರದಲ್ಲಿ ಬರೆಯುವುದು ಸರಿಯಾ? ನೂರಕ್ಕೆ 62 ಹಾಲು ಇರುವುದನ್ನು ಹಾಲು ಅಂತ ಮಾರಿದರೆ ಸುಮ್ಮನಿರುತ್ತೀರಾ?

ಗೋಪಾಲ್ (ಡೈರಿ)

ಈ ಮಾತಿನಲ್ಲಿ ಸತ್ಯ ಇದೆ ಸರ್. ಅಮೆರಿಕದ ನಿಯಮದಲ್ಲಿ ಇದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹೆಸರು ಮಾಡಿದ್ದಾರೆ. ಬರೀ ಚೀಸ್ ಕಾಯಿಸಿ ಲವಣ ಸೇರಿಸಿದ್ದಾದರೆ ಅದು 'ಪ್ರೊಸೆಸ್ ಚೀಸ್'. ಅದರಲ್ಲಿ ಈ ಲವಣಗಳು 3% ದಾಟಬಾರದು. ಹಾಲು, ಹಾಲೊಡಕು ಇಂಥವನ್ನು ಸೇರಿಸಿ, ಚೀಸ್ 51%ಗಿಂತ ಕಡಿಮೆಯಾಗದಂತೆ ಇಟ್ಟರೆ 'ಪ್ರೊಸೆಸ್ ಚೀಸ್ ಫುಡ್'. ಇನ್ನೂ ನೀರು ಹೆಚ್ಚಾಗಿ ಸವರುವ ಹಾಗಿದ್ದರೆ 'ಸ್ಪ್ರೆಡ್'. ಯಾವ ಮೆಟ್ಟಿಲಿಗೂ ಹೊಂದದಿದ್ದರೆ 'ಪ್ರಾಡಕ್ಟ್' ಅಂತ ಬರೆಯುವುದು ರೂಢಿ. ಆ ಲೆಕ್ಕದಲ್ಲಿ ವೀಣಾ ಅವರ ಮೊದಲ ಪ್ಯಾಕೆಟ್ ಎರಡನೆಯ ಮೆಟ್ಟಿಲಿನದು. ದೇಶದಿಂದ ದೇಶಕ್ಕೆ ನಿಯಮ ಬೇರೆ, ಹೆಸರೂ ಬೇರೆ. ಹಾಗಾಗಿ ಮುಂದಿನ ಹೆಸರಿಗಿಂತ ಹಿಂದಿನ ಪಟ್ಟಿಯನ್ನೇ ನಂಬುವವನು ನಾನು. ಪಟ್ಟಿಯಲ್ಲಿ ಮೊದಲ ಪದ ಚೀಸ್ ಆಗಿರಬೇಕು, ಎಣ್ಣೆ ಇರಬಾರದು. ನನ್ನ ಮನೆಗೆ ತರುವಾಗ ಇಷ್ಟು ನೋಡುತ್ತೇನೆ.

ಆದರೆ ಸಿಟ್ರೇಟ್ ಹಾಕಿದ ಮಾತ್ರಕ್ಕೆ ಚೀಸ್ ಅಲ್ಲ ಅನ್ನುವುದನ್ನು ಒಪ್ಪಲಾರೆ. ಫಾಂಡ್ಯೂ ಮಾಡುವಾಗ ಕಾಯಿಸಿದ ಚೀಸಿಗೆ ದ್ರಾಕ್ಷಿ ಮದ್ಯ ಹಾಕುತ್ತಾರೆ. ಮದ್ಯದ ಟಾರ್ಟಾರಿಕ್ ಆಮ್ಲವೂ ಕ್ಯಾಲ್ಸಿಯಂ ಹಿಡಿಯುತ್ತದೆ, ಅದಕ್ಕೇ ಎಣ್ಣೆ ಬಿಡುವುದಿಲ್ಲ. ಅದನ್ನು ಯಾರೂ ಚೀಸ್ ಅಲ್ಲ ಅನ್ನುವುದಿಲ್ಲ.

ಮಂಜುನಾಥ

ಫಾಂಡ್ಯೂವನ್ನು ಫಾಂಡ್ಯೂ ಅನ್ನುತ್ತಾರೆ ಸರ್, ಚೀಸ್ ಅನ್ನುವುದಿಲ್ಲ. ಬೇರೆ ಹೆಸರು ಇದೆ. ನಾನು ಕೇಳುತ್ತಿರುವುದೂ ಅಷ್ಟೇ.

ಶ್ವೇತಾ

ಮಾಡಿದೆ! ಎರಡು ಸಲ ಮಾಡಿದೆ, ಪೂರ್ತಿ ಹೇಳುತ್ತೇನೆ.

ಸೋಡಿಯಂ ಸಿಟ್ರೇಟ್ ಸಿಗಲಿಲ್ಲ. ನಿಂಬೆ ಉಪ್ಪು ಮತ್ತು ಅಡುಗೆ ಸೋಡಾ ಸೇರಿದರೆ ಅದೇ ಆಗುತ್ತದೆ ಅಂತ ಕೆಮಿಸ್ಟ್ರಿ ಓದಿದ ತಮ್ಮ ಹೇಳಿದ. 2 ಗ್ರಾಂ ನಿಂಬೆ ಉಪ್ಪಿಗೆ ಎರಡೂವರೆ ಗ್ರಾಂ ಸೋಡಾ ಲೆಕ್ಕ ಹಾಕಿಕೊಟ್ಟ. 25 ಮಿಲಿ ನೀರಿನಲ್ಲಿ ಹಾಕಿದರೆ ಬುಸ್ ಅಂತ ನೊರೆ. ನೊರೆ ನಿಲ್ಲುವವರೆಗೆ ಕಾದು, ಆಮೇಲೆ ಒಲೆ ಹಚ್ಚಿದೆ. ಚೆಡ್ಡಾರ್ 100 ಗ್ರಾಂ, ಎರಡು ವರ್ಷ ಹಳೆಯದು.

ಗೋಪಾಲ್ ಸರ್ ಹೇಳಿದ ಹಾಗೇ ಮೊದಲು ಉಂಡೆ ಉಂಡೆ. ಎಣ್ಣೆಯೂ ಬಂತು, ಗಾಬರಿಯಾಯಿತು. ಕಲಕುತ್ತಲೇ ಇದ್ದೆ. ಮೂರನೇ ನಿಮಿಷ ದಾಟುತ್ತಿದ್ದ ಹಾಗೆ ಎಣ್ಣೆ ಎಲ್ಲಿ ಹೋಯಿತೋ ಗೊತ್ತಿಲ್ಲ. ಇಡೀ ಮುದ್ದೆ ಒಮ್ಮೆಲೇ ಫಳಫಳ ಹೊಳೆಯಿತು, ಚಮಚದಿಂದ ಜೇನಿನ ಹಾಗೆ ಇಳಿಯಿತು. ಫ್ರಿಜ್‌ನಿಂದ ತೆಗೆದಾಗ ರುಚಿ ಬಹಳ ಚೆನ್ನಾಗಿತ್ತು. ಆದರೆ ಸ್ಲೈಸ್ ಎತ್ತಿದರೆ ಮುರಿಯುತ್ತದೆ. ಬೆಣ್ಣೆಯ ಹಾಗೆ ಮೆತ್ತಗೆ.

ಎರಡನೇ ಸಲ ತೂಕದ ಬದಲು ಚಮಚದಲ್ಲಿ ಅಳೆದೆ. ಕೂಡಿಕೊಂಡಿತು, ಆದರೆ ಸೋಪು ನೆಕ್ಕಿದ ಹಾಗೆ ರುಚಿ. ಯಾಕೆ?

ಗೋಪಾಲ್ (ಡೈರಿ)

ತುಂಬಾ ಸಂತೋಷ ಶ್ವೇತಾ ಅವರೇ. ಮೂರನೇ ನಿಮಿಷದ ಆ ಹೊಳಪು ನೋಡಲು ನಾನು ಈಗಲೂ ಪಾತ್ರೆಗೆ ಬಗ್ಗುತ್ತೇನೆ.

ಸೋಪಿನ ರುಚಿ ಸೋಡಾ ಜಾಸ್ತಿಯಾದದ್ದರಿಂದ. ನಿಂಬೆ ಉಪ್ಪು ಮುಗಿದ ಮೇಲೂ ಸೋಡಾ ಉಳಿದಿದೆ. ಚೀಸ್‌ನ ಹುಳಿ ಸತ್ತುಹೋಗಿದೆ. ರುಚಿ ಹಾಳಾಗುವುದಷ್ಟೇ ಅಲ್ಲ, ಹುಳಿ ಕಡಿಮೆಯಾದರೆ ಬೇಗ ಕೆಡುತ್ತದೆ ಕೂಡ. ಚಮಚ ಬಿಟ್ಟು ತಕ್ಕಡಿಯನ್ನೇ ಬಳಸಿ. ಸೋಡಾ ಒಂದು ಚಿಟಿಕೆ ಕಡಿಮೆಯಾದರೆ ತೊಂದರೆ ಇಲ್ಲ, ಜಾಸ್ತಿ ಬೇಡ. ನಮ್ಮಲ್ಲಿ ಪ್ರತಿ ಸಲವೂ ಪಿಎಚ್ ನೋಡುತ್ತೇವೆ, 5.4ರಿಂದ 5.8ರೊಳಗೆ ಇರಬೇಕು.

ಸ್ಲೈಸ್ ಮುರಿದದ್ದು ಚೀಸ್‌ನ ವಯಸ್ಸಿನಿಂದ. ಚೀಸ್ ಹಣ್ಣಾದಂತೆ ಕೇಸಿನ್ ಎಳೆಗಳು ತುಂಡು ತುಂಡಾಗುತ್ತವೆ. ರುಚಿ ಬರುವುದೂ ಅದರಿಂದಲೇ. ಆದರೆ ತುಂಡಾದ ಎಳೆಗಳಿಂದ ಗಟ್ಟಿ ಬಲೆ ಆಗುವುದಿಲ್ಲ. ಕಾರ್ಖಾನೆಯಲ್ಲಿ ಹೆಚ್ಚಿನ ಪಾಲು ಎಳೆಯ ಚೀಸ್ ಹಾಕುತ್ತೇವೆ, ಬಿಗಿ ಬರಲಿ ಅಂತ. ರುಚಿಗೆ ಸ್ವಲ್ಪ ಹಳೆಯದು. ಮುಂದಿನ ಸಲ 70 ಗ್ರಾಂ ಎಳೆಯ ಚೆಡ್ಡಾರ್, 30 ಗ್ರಾಂ ನಿಮ್ಮ ಎರಡು ವರ್ಷದ್ದು ಹಾಕಿ ನೋಡಿ.

ಇನ್ನೊಂದು ಮಾತು. ಕಾರ್ಖಾನೆಯದು ತಿಂಗಳುಗಟ್ಟಲೆ ಇರುತ್ತದೆ ಅಂತ ಇದನ್ನೂ ಇಡಬೇಡಿ. ಅಲ್ಲಿ ಬಿಸಿ ಇರುವಾಗಲೇ ಗಾಳಿಯಾಡದಂತೆ ಮುಚ್ಚುತ್ತಾರೆ, 200 ಹಾಕಿರುತ್ತಾರೆ. ನಿಮ್ಮದು ಫ್ರಿಜ್‌ನಲ್ಲಿ ನಾಲ್ಕೈದು ದಿನದೊಳಗೆ ಮುಗಿಸಿ.

ಶ್ವೇತಾ

70:30 ಮಾಡಿದೆ. ಸ್ಲೈಸ್ ಮಡಚಿದರೂ ಮುರಿಯಲಿಲ್ಲ! ಮಂಜುನಾಥ್ ಸರ್, ಇದರಲ್ಲಿ ಚೀಸ್, ನೀರು, ನಿಂಬೆ ಉಪ್ಪು, ಸೋಡಾ ಬಿಟ್ಟು ಏನೂ ಇಲ್ಲ. ಇದಕ್ಕೆ ನೀವು ಏನು ಹೆಸರು ಕೊಡುತ್ತೀರಿ?

ಮಂಜುನಾಥ

ನಿಮ್ಮದನ್ನು ತಿನ್ನುತ್ತೇನೆ ಮೇಡಂ, ಸಂತೋಷವಾಗಿ. ಹೆಸರು ಮಾತ್ರ 'ಕಾಯಿಸಿ ಕಲಸಿದ ಚೀಸ್'.

ವೀಣಾ

ಎರಡನೇ ಪ್ಯಾಕೆಟ್ ಮುಗಿದ ಮೇಲೆ ಮತ್ತೆ ತರುವುದಿಲ್ಲ. ಮೊದಲನೆಯದು ವಾರಕ್ಕೆ ಎರಡು ಸಲ ಸಾಕು ಅಂದುಕೊಂಡಿದ್ದೇನೆ, ಸೋಡಿಯಂ ನೋಡಿ. ಶ್ವೇತಾ, ನಿನ್ನ 70:30 ಭಾನುವಾರ ಮಾಡುತ್ತೇವೆ. ಮಗಳು ಆಗಲೇ ಅಡುಗೆಮನೆ ತಕ್ಕಡಿಗೆ ಬ್ಯಾಟರಿ ಹಾಕಿಟ್ಟಿದ್ದಾಳೆ.